ಹಳೆ ರೇಷ್ಮೆ ಸೀರೆ ಮಾರಾಟಕ್ಕೆ ಕೊಡುವ ಮುಂಚೆ: ಫೋಟೋ, ಪರೀಕ್ಷೆ, ದಾಖಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದ ನಮ್ಮ ಅಂಗಡಿಯಲ್ಲಿ ಉಟ್ಟ ರೇಷ್ಮೆ ಸೀರೆಗಳನ್ನು ಮಾರಾಟಕ್ಕೆ ಇಟ್ಟುಕೊಳ್ಳುತ್ತೇವೆ. ಮಾರಾಟ ಆಗುವವರೆಗೂ ಸೀರೆ ನಿಮ್ಮದೇ. ಮಾರಿದ ಮೇಲೆ ನಮ್ಮ ಕಮಿಷನ್ ಹಿಡಿದುಕೊಂಡು ಉಳಿದ ಹಣ ನಿಮಗೆ ಕೊಡುತ್ತೇವೆ. ಡೊಂಬಿವಲಿ, ಮುಲುಂಡ್, ಪುಣೆ, ಪಣಜಿ ಕಡೆಯ ಕನ್ನಡದ ಮನೆಗಳಿಂದಲೂ ಸೀರೆಗಳು ಬರುತ್ತವೆ. ಭಾರದ ಗಂಟು ಹೊತ್ತು ಲೋಕಲ್ ಟ್ರೇನಿನಲ್ಲಿ ಬಂದು, ‘ಇದು ಆಗಲ್ಲ’ ಅನ್ನಿಸಿಕೊಂಡು ವಾಪಸ್ ಹೋಗುವುದು ಯಾರಿಗೂ ಬೇಡ. ಅದಕ್ಕೇ ಮೊದಲ ಸುತ್ತು ಫೋಟೋದಲ್ಲಿ ನಡೆಯುತ್ತದೆ. ಫೋನಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

## ಫೋಟೋ ನೋಡಿಯೇ ಸೀರೆ ಅಸಲಿ ಅಂತ ಹೇಳುತ್ತೀರಾ?

ಇಲ್ಲ. ಫೋಟೋ ನೋಡಿ ‘ಬೇಡ’ ಅನ್ನಬಹುದು, ‘ಅಸಲಿ’ ಅನ್ನಲು ಆಗುವುದಿಲ್ಲ. ನೇಯ್ಗೆ ಹೇಗಿದೆ, ಸೆರಗಿನ ಹಿಂದೆ ಏನಿದೆ, ಮಡಿಕೆಯಲ್ಲಿ ರೇಷ್ಮೆ ಸೀಳಿದೆಯೋ ಇಲ್ಲವೋ, ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ನೂಲು ರೇಷ್ಮೆಯದೋ ಪಾಲಿಯೆಸ್ಟರ್‌ದೋ, ಜರಿಯಲ್ಲಿ ಬೆಳ್ಳಿ ಇದೆಯೋ ಇಲ್ಲವೋ ಎನ್ನುವುದು ಕಾಣುವುದಿಲ್ಲ. ಈಗಿನ ಪಾಲಿಯೆಸ್ಟರ್ ನೂಲಿನ ಹೊಳಪು ಫೋಟೋದಲ್ಲಿ ರೇಷ್ಮೆಯಂತೆಯೇ ಇರುತ್ತದೆ.

ಹಾಗಾಗಿ ಫೋಟೋ ಸುತ್ತಿನಲ್ಲಿ ನಮ್ಮಿಂದ ಬರುವ ಉತ್ತರಗಳು ಮೂರೇ. ‘ಅಂಗಡಿಗೆ ತನ್ನಿ’, ‘ಇನ್ನೊಂದು ಫೋಟೋ ಕಳಿಸಿ’, ಇಲ್ಲವೇ ‘ಬೇಡ, ಕಾರಣ ಇದು’. ‘ಅಂಗಡಿಗೆ ತನ್ನಿ’ ಅಂದ ಮಾತ್ರಕ್ಕೆ ಒಪ್ಪಿಕೊಂಡೆವು ಅಂತ ಅಲ್ಲ. ಆ ಹಂತದಲ್ಲಿ ಬೆಲೆ ಕೇಳಿದರೂ ಹೇಳುವುದಿಲ್ಲ. ಸೀರೆ ಕೈಗೆ ಬರುವ ಮುಂಚೆ ಹೇಳಿದ ಬೆಲೆಯನ್ನು ಆಮೇಲೆ ಇಳಿಸಿದರೆ ನಿಮಗೆ ಬೇಸರವಾಗುತ್ತದೆ, ಮತ್ತು ಆ ಬೇಸರದಲ್ಲಿ ನ್ಯಾಯವೂ ಇರುತ್ತದೆ.

## ಯಾವ ಯಾವ ಫೋಟೋ ಕಳಿಸಬೇಕು?

ಎಂಟು ಫೋಟೋ ಬೇಕು. ಕೆಳಗಿನ ಕ್ರಮದಲ್ಲೇ ಕಳಿಸಿದರೆ ನಮಗೂ ಸುಲಭ, ನಿಮಗೆ ಉತ್ತರವೂ ಬೇಗ ಸಿಗುತ್ತದೆ.

1. ಪೂರ್ತಿ ಸೀರೆ. ಮಂಚದ ಮೇಲೆ ಅರ್ಧ ಮಡಿಚಿ ಹರಡಿ. ಎರಡೂ ಅಂಚು ಕಾಣಬೇಕು.
2. ಸೆರಗಿನ ಮುಂಭಾಗ, ಪೂರ್ತಿ.
3. ಸೆರಗಿನ ಹಿಂಭಾಗ, ಪೂರ್ತಿ. ಹಿಂದೆ ಬಲೆ ಬಟ್ಟೆ ಹೊಲಿಸಿದ್ದರೆ ಒಂದು ಮೂಲೆಯಲ್ಲಿ ಅದನ್ನು ಎತ್ತಿ ಹಿಡಿಯಿರಿ.
4. ಒಡಲು ಮತ್ತು ಅಂಚು ಕೂಡುವ ಜಾಗ, ಹಿಂಭಾಗದಿಂದ, ಗೇಣು ದೂರದಲ್ಲಿ.
5. ಜರಿ ಸವೆದಿರುವ ಜಾಗ. ಹೊಳೆಯುವ ಜಾಗ ಅಲ್ಲ, ಸವೆದ ಜಾಗವೇ ಬೇಕು. ಸಾಮಾನ್ಯವಾಗಿ ಹೆಗಲ ಮೇಲೆ ಪಿನ್ ಚುಚ್ಚುವ ಕಡೆ, ಇಲ್ಲವೇ ಕಾಲ ಬಳಿ ಅಂಚು ನೆಲಕ್ಕೆ ಉಜ್ಜುವ ಕಡೆ ಸಿಗುತ್ತದೆ.
6. ಸೀರೆಯ ಎರಡೂ ತುದಿ. ನೇಯ್ದ ಅಥವಾ ಹೊಲಿದ ಅಕ್ಷರ, ಸಂಖ್ಯೆ, ಚೀಟಿ ಏನೇ ಇದ್ದರೂ ಓದುವಂತಿರಲಿ.
7. ಮಡಿಕೆಯ ಗೆರೆಗಳು, ಕಿಟಕಿಗೆ ಅಡ್ಡ ಹಿಡಿದು. ಬೆಳಕು ಸೀರೆಯ ಹಿಂದಿನಿಂದ ಬರಬೇಕು.
8. ಕಲೆ, ತೂತು, ರಫೂ ಮಾಡಿಸಿದ ಜಾಗ. ಒಂದಕ್ಕಿಂತ ಜಾಸ್ತಿ ಇದ್ದರೆ ಒಂದೊಂದಕ್ಕೂ ಒಂದು ಫೋಟೋ.

ಏಳನೆಯದನ್ನು ಬಿಡಬೇಡಿ. ಹಳೆ ಸೀರೆ ಬಿಡಿಸಿ ಹಾಸಿದಾಗ ಗಟ್ಟಿಯಾಗಿಯೇ ಕಾಣುತ್ತದೆ. ಬೆಳಕಿಗೆ ಹಿಡಿದಾಗಲೇ ಮಡಿಕೆಯ ಉದ್ದಕ್ಕೂ ಸಣ್ಣ ಸಣ್ಣ ಸೀಳುಗಳು ಸಾಲಾಗಿ ಕಾಣುವುದು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿಟ್ಟ ಸೀರೆಗೆ ಹೀಗಾಗುವುದು ಜಾಸ್ತಿ.

## ಪ್ರತಿ ಫೋಟೋದಲ್ಲೂ ಎ4 ಹಾಳೆ ಇಡಿ ಅನ್ನುತ್ತೀರಿ. ಯಾಕೆ?

ನೀವು ಮೊದಲ ಸಲ ಸಂಪರ್ಕಿಸಿದ ದಿನವೇ ಸೀರೆಗೆ ಒಂದು ಸಂಖ್ಯೆ ಕೊಡುತ್ತೇವೆ. ಬಿಳಿ ಎ4 ಹಾಳೆಯ ಮೇಲೆ ಆ ಸಂಖ್ಯೆ ಮತ್ತು ತಾರೀಖನ್ನು ದಪ್ಪಗೆ ಕೈಯಲ್ಲಿ ಬರೆದು, ಸೀರೆಯ ಪಕ್ಕ ಇಟ್ಟು ಫೋಟೋ ತೆಗೆಯಬೇಕು.

ಇದರಿಂದ ಮೂರು ಕೆಲಸ ಆಗುತ್ತದೆ. ಫೋಟೋ ಇಂಟರ್‌ನೆಟ್ಟಿನಿಂದ ತೆಗೆದದ್ದಲ್ಲ, ಸೀರೆ ಈಗ ನಿಮ್ಮ ಕೈಯಲ್ಲೇ ಇದೆ ಎಂದು ಗೊತ್ತಾಗುತ್ತದೆ. ಹಾಳೆಯ ಅಳತೆ ಎಲ್ಲ ಕಡೆ ಒಂದೇ, 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಹಾಗಾಗಿ ಅಂಚಿನ ಅಗಲ, ಬುಟ್ಟಾದ ಗಾತ್ರ ನಮಗೆ ಲೆಕ್ಕಕ್ಕೆ ಸಿಗುತ್ತದೆ. ಮೂರನೆಯದು ಬಣ್ಣ. ಹಾಳೆ ಫೋಟೋದಲ್ಲಿ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ಹಳದಿಗೆ ವಾಲಿದೆ ಎಂದು ತಿಳಿಯುತ್ತದೆ. ಹಾಳೆ ಬಿಳಿ ಆಗುವವರೆಗೆ ಸರಿಪಡಿಸಿದರೆ ಸೀರೆಯ ನಿಜವಾದ ಬಣ್ಣ ಸಿಗುತ್ತದೆ.

ಹತ್ತಿರದ ಫೋಟೋದಲ್ಲಿ ಪೂರ್ತಿ ಹಾಳೆ ಹಿಡಿಸುವುದಿಲ್ಲ. ಅಲ್ಲಿ ಸಂಖ್ಯೆ ಬರೆದ ಮೂಲೆ ಕಂಡರೆ ಸಾಕು.

## ಫೋನಿನಲ್ಲಿ ತೆಗೆದರೆ ಸಾಕಾ?

ಧಾರಾಳವಾಗಿ ಸಾಕು. ಲೆನ್ಸ್ ಒರೆಸಿಕೊಳ್ಳಿ. ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ಬೆಳಗ್ಗೆ ಹತ್ತರ ಮೇಲೆ ಕಿಟಕಿ ಪಕ್ಕದ ಬೆಳಕು ಒಳ್ಳೆಯದು, ನೇರ ಬಿಸಿಲು ಬೇಡ. ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕು, ಟ್ಯೂಬ್‌ಲೈಟ್ ಎರಡೂ ಸೇರಿದರೆ ಸೀರೆಯ ಒಂದು ಭಾಗ ಒಂದು ಬಣ್ಣ, ಇನ್ನೊಂದು ಭಾಗ ಇನ್ನೊಂದು ಬಣ್ಣ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಜರಿ ಪೂರ್ತಿ ಬೆಳ್ಳಗಾಗಿ, ನಮಗೆ ಬೇಕಾದ ಸವೆತವೇ ಕಾಣದೆ ಹೋಗುತ್ತದೆ. ಫಿಲ್ಟರ್ ಹಾಕಬೇಡಿ.

ವಾಟ್ಸಾಪಿನಲ್ಲಿ ಫೋಟೋ ಹಾಗೇ ಕಳಿಸಿದರೆ ಅದು ಚಿಕ್ಕದಾಗಿ ಬರುತ್ತದೆ. ದೊಡ್ಡದು ಮಾಡಿ ನೋಡಿದರೆ ನೂಲೇ ಕಾಣುವುದಿಲ್ಲ, ಬರೀ ಚೌಕ ಚೌಕ. ಆದ್ದರಿಂದ `Document` ಆಯ್ಕೆಯಲ್ಲಿ ಕಳಿಸಿ, ಆಗ ಮೂಲ ಫೋಟೋ ಹಾಗೇ ಬರುತ್ತದೆ.

ಫೋಟೋದಲ್ಲಿ ಯಾರ ಮುಖವೂ ಬೇಡ, ಮನೆಯ ಬೇರೆ ಸಾಮಾನೂ ಬೇಡ. ಹಾಗೆ ಬಂದಿದ್ದರೆ ಆ ಫೋಟೋ ಅಳಿಸಿ, ಬೇರೆಯದು ಕೇಳುತ್ತೇವೆ.

## ಎಲ್ಲರೂ ಸೀರೆಯ ಮುಂಭಾಗ ನೋಡುತ್ತಾರೆ. ನೀವು ಹಿಂಭಾಗವನ್ನೇ ಯಾಕೆ ಕೇಳುತ್ತೀರಿ?

ನೇಯ್ದದ್ದು ಹೇಗೆ ಎನ್ನುವುದು ಹಿಂಭಾಗದಲ್ಲೇ ಕಾಣುವುದು. ಮುಂಭಾಗದ ನವಿಲು ಕೈಯಲ್ಲಿ ಬಿಡಿಸಿ ನೇಯ್ದದ್ದೂ ಆಗಿರಬಹುದು, ಮಗ್ಗದ ಮೇಲೆ ಕೂರಿಸಿ ಚಿತ್ರ ಮೂಡಿಸುವ ಯಂತ್ರವಾದ ಜಕಾರ್ಡ್‌ನಲ್ಲಿ ಎತ್ತಿದ್ದೂ ಆಗಿರಬಹುದು. ಎದುರಿನಿಂದ ಎರಡೂ ಚೆಂದವೇ. ನಮಗೆ ಜಾಸ್ತಿ ಬರುವ ಮೂರು ಬಗೆಯ ಸೀರೆಗಳಲ್ಲಿ ನಾವು ಏನು ಹುಡುಕುತ್ತೇವೆ ಎಂದು ಹೇಳುತ್ತೇವೆ.

ಪೈಠಣಿ. ಸಾಂಪ್ರದಾಯಿಕ ಪೈಠಣಿಯ ಸೆರಗಿನಲ್ಲಿ ಒಂದೊಂದು ಬಣ್ಣದ ಹೊಕ್ಕು ನೂಲು, ಅಂದರೆ ಅಡ್ಡಕ್ಕೆ ಹೋಗುವ ನೂಲು, ತನ್ನ ಜಾಗದಲ್ಲಿ ಮಾತ್ರ ಓಡಾಡುತ್ತದೆ. ನವಿಲಿನ ಹಸಿರು ನವಿಲಿನ ಗಡಿಯವರೆಗೆ ಹೋಗಿ, ಪಕ್ಕದ ಜರಿಯ ನೂಲಿಗೆ ಕೊಂಡಿ ಹಾಕಿ ಅಲ್ಲೇ ತಿರುಗುತ್ತದೆ. ಅದಕ್ಕೇ ಹಿಂದೆ ಮುಂದೆ ಎರಡೂ ಕಡೆ ಚಿತ್ರ ಹೆಚ್ಚು ಕಡಿಮೆ ಒಂದೇ ಥರ. ಜಕಾರ್ಡ್‌ನಲ್ಲಿ ಎತ್ತಿದ ಸೆರಗಾದರೆ ಹಿಂದೆ ನೂಲುಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಸಡಿಲವಾಗಿ ಹಾದು ಹೋಗುತ್ತವೆ, ಇಲ್ಲವೇ ಕತ್ತರಿಸಿದ ತುದಿಗಳು ಸಾಲಾಗಿ ನಿಲ್ಲುತ್ತವೆ. ಆ ನೂಲುಗಳು ಬಳೆಗೆ, ಉಂಗುರಕ್ಕೆ ಸಿಗದಿರಲಿ ಅಂತಲೇ ಸೆರಗಿನ ಹಿಂದೆ ಬಲೆ ಬಟ್ಟೆ ಹೊಲಿಸುವುದು.

ಕಂಚಿ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇರುವ ಕೊರವೈ ಸೀರೆಯಲ್ಲಿ ಎರಡಕ್ಕೂ ಬೇರೆ ಬೇರೆ ಲಾಳಿ. ಒಡಲಿನ ನೂಲು ಅಂಚಿಗೆ ನುಗ್ಗದೆ, ಗಡಿಯಲ್ಲಿ ಅಂಚಿನ ನೂಲಿಗೆ ಕೊಂಡಿ ಹಾಕಿ ವಾಪಸ್ ಬರುತ್ತದೆ. ಹಿಂದಿನಿಂದ ನೋಡಿದರೆ ಈ ಗಡಿಯ ಉದ್ದಕ್ಕೂ ಹಲ್ಲುಹಲ್ಲಾದ ಗೆರೆ ಕಾಣುತ್ತದೆ, ಬೆರಳಿಗೂ ತಾಗುತ್ತದೆ. ಅಂಚಿನ ಒಳಗೆ ಒಡಲಿನ ಬಣ್ಣದ ನೂಲು ಇಣುಕುತ್ತಿದ್ದರೆ ಅದು ಕೊರವೈ ಅಲ್ಲ. ಹಾಗಂತ ಅದು ನಕಲಿ ಅಂತಲೂ ಅಲ್ಲ. ಒಂದೇ ಲಾಳಿಯಲ್ಲಿ ನೇಯ್ದ ಒಳ್ಳೆಯ ಕೈಮಗ್ಗದ ಕಂಚಿ ಸೀರೆಗಳೂ ಇವೆ. ಅಂಥ ಸೀರೆಯನ್ನು ನಾವು ತಿರಸ್ಕರಿಸುವುದಿಲ್ಲ. ಆದರೆ ‘ಕೊರವೈ’ ಎಂದು ಬರೆಯುವುದಿಲ್ಲ.

ಇಳಕಲ್. ಹಾಸು ಎಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲು. ಇಲ್ಲಿ ಸೆರಗಿನ ಹಾಸು ನೂಲೇ ಬೇರೆ, ಒಡಲಿನ ಹಾಸು ನೂಲೇ ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಟೋಪ್ ತೆನಿ ಸೆರಗು ಎನ್ನುವುದು ಇದನ್ನೇ. ಸೆರಗು ಶುರುವಾಗುವ ಕಡೆ, ಸೀರೆಯ ಅಗಲಕ್ಕೂ ಆ ಜೋಡಣೆಯ ಗೆರೆ ಇರಬೇಕು. ಗೆರೆ ಇಲ್ಲದೆ ಕೆಂಪು ಬಣ್ಣ ಹೊಕ್ಕಿನಲ್ಲಿ ಮಾತ್ರ ಬಂದಿದ್ದರೆ ಸೆರಗು ಅಪ್ಪಟ ಕೆಂಪಾಗಿ ಕಾಣದೆ ಒಡಲಿನ ಬಣ್ಣ ಬೆರೆತಂತೆ ಕಾಣುತ್ತದೆ. ಇಳಕಲ್ ಮೇಲೆ ಕಸೂತಿ ಇದ್ದರೆ ಅದರ ಹಿಂಭಾಗವನ್ನೂ ತೆಗೆದು ಕಳಿಸಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರುತ್ತದೆ.

ಅಂಚಿನ ತುದಿಯಲ್ಲಿ ಸೂಜಿ ಚುಚ್ಚಿದಂತಹ ಸಣ್ಣ ತೂತುಗಳಿದ್ದರೆ ಕೈಮಗ್ಗದ್ದು ಎಂದು ಹಲವರು ಹೇಳುತ್ತಾರೆ. ನೇಯುವಾಗ ಬಟ್ಟೆ ಎಳೆದು ಹಿಡಿಯುವ ಕಡ್ಡಿಯ ಗುರುತು ಅದು. ನಾವು ಅದನ್ನು ಬರೆದಿಡುತ್ತೇವೆ, ಆದರೆ ಅದೊಂದನ್ನೇ ನಂಬಿ ತೀರ್ಮಾನ ಮಾಡುವುದಿಲ್ಲ. ಯಂತ್ರದ ಮಗ್ಗದಲ್ಲೂ ಬಟ್ಟೆ ಎಳೆದು ಹಿಡಿಯುವ ಮುಳ್ಳುಗಳು ಇರುತ್ತವೆ.

## ಒಂದು ಸೀರೆಯ ಉದಾಹರಣೆ ಕೊಟ್ಟು ಹೇಳಬಹುದಾ?

MT-0412 ಸಂಖ್ಯೆಯ ಸೀರೆಯನ್ನೇ ತೆಗೆದುಕೊಳ್ಳೋಣ. ಪುಣೆಯ ಕೋಥ್ರೂಡಿನ ಒಂದು ಕನ್ನಡ ಮನೆಯಿಂದ ಬಂದದ್ದು. ಮದುವೆಯಲ್ಲಿ ಅತ್ತೆ ಮನೆಯವರು ಉಡಿಸಿದ ಸೀರೆ, ಯೇವಲಾದ ಕೈಮಗ್ಗದ ಪೈಠಣಿ ಎಂದು ಒಡತಿ ಬರೆದಿದ್ದರು. ನೇರಳೆ ಒಡಲು, ಜರಿಯ ಸೆರಗಿನ ಮೇಲೆ ಹಸಿರು ನವಿಲುಗಳು.

ನಮ್ಮಲ್ಲಿ ಫೋಟೋಗಳನ್ನು ಇಬ್ಬರು ನೋಡುತ್ತಾರೆ. ಮೊದಲು ನೋಡುವವರಿಗೆ ಒಡತಿ ಏನು ಹೇಳಿದ್ದಾರೆ ಎಂದು ತೋರಿಸುವುದಿಲ್ಲ. ‘ಯೇವಲಾ ಪೈಠಣಿ’ ಎಂದು ಮೊದಲೇ ಓದಿದರೆ ಕಣ್ಣು ಅದನ್ನೇ ಹುಡುಕುತ್ತದೆ. ಕಂಡದ್ದನ್ನು ಮಾತ್ರ ಬರೆಯಬೇಕು. ಅವರು ಬರೆದದ್ದು ಹೀಗೆ: ‘ಸೆರಗಿನ ಹಿಂದೆ ಬಿಳಿ ಬಲೆ. ನೇಯ್ಗೆ ಕಾಣುತ್ತಿಲ್ಲ. ಮಡಿಕೆ ಗಟ್ಟಿ. ಜರಿ ಹೆಗಲ ಹತ್ತಿರ ಕೆಂಪಗಾಗಿದೆ.’

ನಮ್ಮ ಉತ್ತರ ‘ಇನ್ನೊಂದು ಫೋಟೋ ಕಳಿಸಿ’. ಬಲೆಯ ಹೊಲಿಗೆಯನ್ನು ಮೂಲೆಯಲ್ಲಿ ಎರಡು ಬೆರಳಿನಷ್ಟು ಬಿಚ್ಚಿ ತೆಗೆಯಲು ಕೇಳಿದೆವು. ಒಡತಿ ಬಿಚ್ಚಿ ಕಳಿಸಿದರು. ಒಂದು ನವಿಲಿನ ಬಾಲದಿಂದ ಪಕ್ಕದ ನವಿಲಿನ ಕೊರಳಿಗೆ ಹಸಿರು ನೂಲುಗಳು ಸಡಿಲವಾಗಿ ಹಾದುಹೋಗಿದ್ದವು. ನಡುವೆ ಕೆಲವನ್ನು ಕತ್ತರಿಸಿದ್ದರಿಂದ ತುದಿಗಳು ಕುಂಚದಂತೆ ಎದ್ದಿದ್ದವು. ಗಡಿಯಲ್ಲಿ ತಿರುಗಿದ ನೂಲು ಒಂದೂ ಕಾಣಲಿಲ್ಲ.

ಅಷ್ಟಕ್ಕೆ ‘ಬೇಡ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಸೀರೆ ಚೆನ್ನಾಗಿತ್ತು, ಸೀಳಿರಲಿಲ್ಲ. ಹಾಗಾಗಿ ಒಡತಿಗೆ ಫೋನ್ ಮಾಡಿ ವಿಷಯ ಹೇಳಿದೆವು. ‘ಇದು ಬಿಡಿಸಿ ನೇಯ್ದ ಪೈಠಣಿ ಅಲ್ಲಮ್ಮ. ಸರಿಯಾದ ವಿವರಣೆ ಹಾಕಿ ಮಾರಲು ಒಪ್ಪುವುದಾದರೆ ಕಳಿಸಿ.’ ಅವರು ಒಪ್ಪಿ ಕೊರಿಯರ್ ಮಾಡಿದರು. ಅಂಗಡಿಯಲ್ಲಿ ಹಾಸಿನಿಂದ ಒಂದು, ಹೊಕ್ಕಿನಿಂದ ಒಂದು ನೂಲು ತೆಗೆದು ಸುಟ್ಟು ನೋಡಿದೆವು. ಎರಡಕ್ಕೂ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಯಿತು. ರೇಷ್ಮೆ ಅಪ್ಪಟ. ಜರಿಯ ಪರೀಕ್ಷೆಯಲ್ಲಿ ಮುಖ್ಯ ಲೋಹ ತಾಮ್ರ ಎಂದು ಬಂತು. ಇಂಥ ತಾಮ್ರದ ಜರಿಗೇ ‘ಟೆಸ್ಟೆಡ್ ಜರಿ’ ಅನ್ನುವುದು.

ಕೊನೆಗೆ ಚೀಟಿಯಲ್ಲಿ ಬರೆದದ್ದು: ‘ಶುದ್ಧ ರೇಷ್ಮೆ. ಪೈಠಣಿ ವಿನ್ಯಾಸ. ಜಕಾರ್ಡ್ ನೇಯ್ಗೆ. ಟೆಸ್ಟೆಡ್ ಜರಿ.’ ‘ಪವರ್‌ಲೂಮ್’ ಎಂದು ಬರೆಯಲಿಲ್ಲ, ಯಾಕೆಂದರೆ ಜಕಾರ್ಡ್ ಕೈಮಗ್ಗಕ್ಕೂ ಇರುತ್ತದೆ. ಹಿಂದಿನ ಸಡಿಲ ನೂಲು ನೋಡಿ ಮಗ್ಗ ಯಾವುದು ಎಂದು ಹೇಳಲಾಗದು. ಒಡತಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆಗಿಂತ ಬಹಳ ಕಡಿಮೆಗೆ ಸೀರೆ ಹೋಯಿತು. ಆದರೆ ಕೊಂಡವರು ಏನು ಕೊಂಡೆವು ಎಂದು ತಿಳಿದೇ ಕೊಂಡರು.

## ಜರಿ ಚಿನ್ನದ್ದೋ ಅಲ್ಲವೋ ಫೋಟೋದಲ್ಲಿ ಗೊತ್ತಾಗುತ್ತದಾ?

ಖಚಿತವಾಗಿ ಗೊತ್ತಾಗುವುದಿಲ್ಲ, ಸುಳಿವು ಮಾತ್ರ ಸಿಗುತ್ತದೆ. ‘ಅಪ್ಪಟ ಜರಿ’ ಎಂದರೆ ಪೂರ್ತಿ ಚಿನ್ನ ಅಲ್ಲ. ರೇಷ್ಮೆ ನೂಲಿನ ಸುತ್ತ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ತಂತಿಯ ಬದಲು ತಾಮ್ರದ ತಂತಿ ಇರುತ್ತದೆ. ಇನ್ನೂ ಅಗ್ಗದ್ದು ಲೋಹದ ಹೊಳಪು ಕೊಟ್ಟ ಪ್ಲಾಸ್ಟಿಕ್ ಪಟ್ಟಿ.

ಮೂರೂ ಹೊಸದಾಗಿದ್ದಾಗ ಹೊಳೆಯುತ್ತವೆ. ಸವೆದಾಗ ಬೇರೆ ಬೇರೆ. ಬೆಳ್ಳಿ ಹೊರಬಂದರೆ ಗಾಳಿಗೆ ಬೂದು, ಆಮೇಲೆ ಕಪ್ಪು ಆಗುತ್ತದೆ. ತಾಮ್ರ ಹೊರಬಂದರೆ ಕೆಂಪು ಕಂದು, ಕೆಲವು ಕಡೆ ಹಸಿರು. ಪ್ಲಾಸ್ಟಿಕ್ ಕಪ್ಪಾಗುವುದಿಲ್ಲ, ಹೊಳಪು ಸಿಪ್ಪೆಯಂತೆ ಏಳುತ್ತದೆ. ಐದನೇ ಫೋಟೋದಲ್ಲಿ ಸವೆದ ಜಾಗವೇ ಬೇಕು ಅನ್ನುವುದು ಇದಕ್ಕೇ. ‘ಜರಿ ಕಪ್ಪಾಗಿದೆ, ಇದು ಆಗಲ್ಲ ಅಲ್ವಾ?’ ಎಂದು ಎಷ್ಟೋ ಅಮ್ಮಂದಿರು ಹಿಂಜರಿಯುತ್ತಾರೆ. ಆ ಕಪ್ಪು ಬಹಳ ಸಲ ಒಳ್ಳೆಯ ಸುದ್ದಿ. ದಯವಿಟ್ಟು ಹುಣಸೆ ಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಚಿನ್ನದ ಲೇಪ ತೀರಾ ತೆಳು, ಉಜ್ಜಿದರೆ ಅದೇ ಹೋಗುತ್ತದೆ.

ಮನೆಯಲ್ಲಿ ಜರಿ ಕೆರೆದು ಒಳಗಿನ ಕೆಂಪು ನೂಲು ನೋಡುವ ಅಭ್ಯಾಸವೂ ಇದೆ. ಅದನ್ನೂ ಮಾಡಬೇಡಿ. ಟೆಸ್ಟೆಡ್ ಜರಿಗೂ ಒಳಗೆ ಬಣ್ಣದ ನೂಲು ಹಾಕಬಹುದು. ನಿರ್ಧಾರಕ್ಕೆ ಎಕ್ಸ್‌ಆರ್‌ಎಫ್ ಯಂತ್ರವೇ ಬೇಕು. ಚಿನ್ನದ ಒಡವೆ ಪರೀಕ್ಷಿಸುವ ಅದೇ ಯಂತ್ರ. ಎಕ್ಸ್-ರೇ ಹಾಯಿಸಿ ಲೋಹ ಯಾವುದು ಎಂದು ತೋರಿಸುತ್ತದೆ, ಸೀರೆ ಕತ್ತರಿಸಬೇಕಿಲ್ಲ. ಜವೇರಿ ಬಜಾರ್‌ನ ಪರೀಕ್ಷಾ ಕೇಂದ್ರಗಳಿಗೆ ಕೊಟ್ಟು ಮಾಡಿಸುತ್ತೇವೆ. ಅಗಲ ಅಂಚಿನ ಸೀರೆಗೆ, ಅದೂ ನೀವು ಒಪ್ಪಿದರೆ ಮಾತ್ರ. ಪರೀಕ್ಷೆ ಮಾಡಿಸದ ಸೀರೆಗೆ ‘ಜರಿ ಪರೀಕ್ಷಿಸಿಲ್ಲ’ ಎಂದೇ ಬರೆಯುತ್ತೇವೆ.

## ಸಿಲ್ಕ್ ಮಾರ್ಕ್ ಚೀಟಿ ಇದೆ. ಇನ್ನೂ ಪರೀಕ್ಷೆ ಯಾಕೆ?

ಸಿಲ್ಕ್ ಮಾರ್ಕ್ ಕೇಂದ್ರ ರೇಷ್ಮೆ ಮಂಡಳಿಯ ಯೋಜನೆ, 2004ರಲ್ಲಿ ಶುರುವಾದದ್ದು. ಅದು ಹೇಳುವುದು ನೂಲು ಶುದ್ಧ ರೇಷ್ಮೆ ಎಂದು. ಕೈಮಗ್ಗವೋ ಯಂತ್ರವೋ, ಜರಿ ಎಂಥದ್ದು ಎನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ಅದು ದಾರದಲ್ಲಿ ಕಟ್ಟುವ ಚೀಟಿ. ಒಂದು ಸೀರೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವುದು ಕಷ್ಟವೇನಲ್ಲ. ಚೀಟಿಯನ್ನು ದಾಖಲೆಯಲ್ಲಿ ಸೇರಿಸುತ್ತೇವೆ, ನೂಲು ಪರೀಕ್ಷೆಯನ್ನೂ ಮಾಡುತ್ತೇವೆ.

ಮೈಸೂರು ರೇಷ್ಮೆಯ ವಿಷಯ ಸ್ವಲ್ಪ ಬೇರೆ. ಅದನ್ನು ನೇಯುವುದು ಕರ್ನಾಟಕ ಸರ್ಕಾರದ ಸಂಸ್ಥೆ ಕೆಎಸ್‌ಐಸಿ. ಕೆಎಸ್‌ಐಸಿ ಸೀರೆಗಳಿಗೆ ಬಟ್ಟೆಯಲ್ಲೇ ಗುರುತಿನ ಸಂಖ್ಯೆ ಇರುತ್ತದೆ, ಹಾಲೋಗ್ರಾಂ ಕೂಡ ಇರುತ್ತದೆ. ಆರನೇ ಫೋಟೋದಲ್ಲಿ ಅದು ಓದುವಂತಿದ್ದರೆ ಕೆಲಸ ಬೇಗ ಆಗುತ್ತದೆ. ತೀರಾ ಹಳೆ ಸೀರೆಯಲ್ಲಿ ಇದು ಇಲ್ಲದಿರಬಹುದು, ಪಿಕೋ ಮಾಡಿಸುವಾಗ ಕತ್ತರಿಸಿಯೂ ಹೋಗಿರಬಹುದು. ಸಂಖ್ಯೆಯೂ ಇಲ್ಲ, ಬಿಲ್ಲೂ ಇಲ್ಲ ಅಂದರೆ ಸೀರೆ ತೆಗೆದುಕೊಳ್ಳುತ್ತೇವೆ. ‘ರೇಷ್ಮೆ ಕ್ರೇಪ್, ತಯಾರಕರು ಖಚಿತವಿಲ್ಲ’ ಎಂದು ಬರೆಯುತ್ತೇವೆ. ಮೈಸೂರು ರೇಷ್ಮೆ, ಕಂಚಿ, ಇಳಕಲ್, ಪೈಠಣಿ ಎಲ್ಲಕ್ಕೂ ಭೌಗೋಳಿಕ ಗುರುತಿನ ರಕ್ಷಣೆ ಇದೆ, ಅಂದರೆ ಆಯಾ ಪ್ರದೇಶದಲ್ಲಿ ತಯಾರಾದದ್ದಕ್ಕೆ ಮಾತ್ರ ಆ ಹೆಸರು. ಸುಮ್ನೆ ಹೆಸರು ಹಾಕಿ ಮಾರುವುದು 1999ರ ಕಾಯ್ದೆಯ ಪ್ರಕಾರ ಅಪರಾಧ ಆಗಬಹುದು.

## ಯಾವ ಕಾರಣಕ್ಕೆ ‘ಬೇಡ’ ಅನ್ನುತ್ತೀರಿ?

ಮಡಿಕೆಯಲ್ಲಿ ಸೀಳಿದ ರೇಷ್ಮೆಗೆ ‘ಬೇಡ’ ಅನ್ನುತ್ತೇವೆ. ನೂಲೇ ಶಕ್ತಿ ಕಳೆದುಕೊಂಡಿರುವುದರಿಂದ ರಫೂ ಮಾಡಿದರೂ ಪಕ್ಕದಲ್ಲಿ ಹರಿಯುತ್ತದೆ. ಇಂಥ ಸೀರೆಯ ಅಂಚು, ಸೆರಗು ಚೆನ್ನಾಗಿದ್ದರೆ ಬೇರೆ ಬಟ್ಟೆಗೆ ಕೂಡಿಸುವವರಿದ್ದಾರೆ, ಅವರ ವಿಳಾಸ ಕೊಡುತ್ತೇವೆ.

ಹಾಸು ಅಥವಾ ಹೊಕ್ಕು, ಯಾವುದಾದರೂ ಒಂದು ಪಾಲಿಯೆಸ್ಟರ್ ಆಗಿದ್ದರೆ ಬೇಡ. ಜೀವಂತ ಬೂಷ್ಟು ಇದ್ದರೆ ಬೇಡ, ಪಕ್ಕದ ಸೀರೆಗಳಿಗೂ ಹಬ್ಬುತ್ತದೆ. ಫೋಟೋದಲ್ಲಿ ಸಂಖ್ಯೆಯ ಹಾಳೆ ಇಲ್ಲದಿದ್ದರೆ ಮತ್ತೆ ಕೇಳುತ್ತೇವೆ, ಎರಡನೇ ಸಲವೂ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಅಂಗಡಿಗೆ ಬಂದ ಸೀರೆ ಫೋಟೋದ ಸೀರೆ ಅಲ್ಲ ಎಂದು ಕಂಡರೆ ಆ ದಿನವೇ ವಾಪಸ್.

ಇವಕ್ಕಿಂತ ಕಷ್ಟದ್ದು, ಸೀರೆ ಚೆನ್ನಾಗಿದ್ದು ವಿವರಣೆಯ ಬಗ್ಗೆ ಒಮ್ಮತ ಇಲ್ಲದಿರುವುದು. ‘ನಮ್ಮಮ್ಮ ಕೈಮಗ್ಗದ್ದೇ ಅಂತ ಹೇಳಿದ್ದಾರೆ, ಹಾಗೇ ಬರೆಯಿರಿ’ ಎನ್ನುತ್ತಾರೆ. ಅಮ್ಮ ಸುಳ್ಳು ಹೇಳಿದರು ಎಂದು ನಾವು ಎಂದೂ ಅನ್ನುವುದಿಲ್ಲ. ಅವರಿಗೆ ಅಂಗಡಿಯವರು ಹಾಗೆ ಹೇಳಿರಬಹುದು. ಆದರೆ ಚೀಟಿಯ ಮೇಲೆ ನಮ್ಮ ಸಹಿ ಇರುತ್ತದೆ, ಸೀರೆಯಲ್ಲಿ ಕಂಡದ್ದನ್ನಷ್ಟೇ ಬರೆಯಬಲ್ಲೆವು. ಒಪ್ಪಿಗೆ ಆಗದಿದ್ದರೆ ಸೀರೆ ವಾಪಸ್ ಕೊಡುತ್ತೇವೆ.

ಪ್ರತಿ ‘ಬೇಡ’ಕ್ಕೂ ಕಾರಣ ಬರೆದು, ಯಾವ ಫೋಟೋದಲ್ಲಿ ಕಂಡಿತು ಎಂದು ಗುರುತು ಹಾಕಿ ಕಳಿಸುತ್ತೇವೆ. ನಿಮಗೆ ತಪ್ಪು ಅನ್ನಿಸಿದರೆ ಇನ್ನೊಂದು ಫೋಟೋ ಕಳಿಸಿ, ಮೊದಲ ಸಲ ನೋಡದವರು ನೋಡುತ್ತಾರೆ.

## ಸೀರೆ ಸುಡುತ್ತೀರಾ?

ಸೀರೆ ಅಲ್ಲ, ನೂಲು. ಒಳ ತುದಿಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ, ಹಾಸಿನದೊಂದು ಹೊಕ್ಕಿನದೊಂದು ಎಳೆ. ನಿಮ್ಮ ಸಹಿ ಇಲ್ಲದೆ ಅದನ್ನೂ ತೆಗೆಯುವುದಿಲ್ಲ. ಎರಡನ್ನೂ ಬೇರೆ ಬೇರೆ ಸುಡಬೇಕು, ಹಾಸು ಒಂದು ನೂಲು, ಹೊಕ್ಕು ಇನ್ನೊಂದು ನೂಲು ಇರುವ ಸೀರೆಗಳು ಬೇಕಾದಷ್ಟಿವೆ. ರೇಷ್ಮೆ ಬೆಂಕಿಯಿಂದ ತೆಗೆದ ಕೂಡಲೇ ಆರುತ್ತದೆ, ಬೂದಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದ ವಾಸನೆ ಬಿಟ್ಟು ಸರ್ರನೆ ಉರಿಯುತ್ತದೆ.

## ನನ್ನ ಸೀರೆ ಬದಲಾಗುವುದಿಲ್ಲ ಎಂದು ಏನು ಗ್ಯಾರಂಟಿ?

ಇದನ್ನು ಕೇಳಲು ಸಂಕೋಚ ಬೇಡ. ಸೀರೆ ಅಂಗಡಿಗೆ ಬಂದಾಗ ಅದೇ ಎಂಟು ಫೋಟೋಗಳನ್ನು ನಿಮ್ಮೆದುರೇ ಮತ್ತೆ ತೆಗೆಯುತ್ತೇವೆ. ಕೊರಿಯರ್‌ನಲ್ಲಿ ಬಂದರೆ ಪೊಟ್ಟಣ ಬಿಚ್ಚುವುದರಿಂದಲೇ ವಿಡಿಯೋ. ಉದ್ದ, ಅಗಲ, ತೂಕ ಬರೆಯುತ್ತೇವೆ. ತೂಕದ ಪಕ್ಕ ಫಾಲ್, ಕುಚ್ಚು, ಬಲೆ ಇದೆಯೋ ಇಲ್ಲವೋ ಎಂದೂ ಬರೆಯುತ್ತೇವೆ, ಇಲ್ಲದಿದ್ದರೆ ಆಮೇಲೆ ತೂಕ ತಾಳೆಯಾಗುವುದಿಲ್ಲ.

ಆಮೇಲೆ ‘ಗುರುತಿನ ಜಾಗ’ ಎರಡು ಹುಡುಕುತ್ತೇವೆ. ನೇಯುವಾಗ ತಪ್ಪಿದ ಒಂದು ಎಳೆ, ಹಳೆ ರಫೂ, ಬಾಲ ಅರ್ಧಕ್ಕೆ ನಿಂತ ಒಂದು ನವಿಲು, ಹೀಗೆ. ಸೆರಗಿನ ತುದಿಯಿಂದ ಎಷ್ಟು, ಅಂಚಿನಿಂದ ಎಷ್ಟು ಎಂದು ಟೇಪ್ ಹಿಡಿದು ಅಳೆದು ಬರೆಯುತ್ತೇವೆ. ಒಂದೇ ಬಣ್ಣ, ಒಂದೇ ವಿನ್ಯಾಸದ ಎರಡು ಸೀರೆ ಸಿಗಬಹುದು. ಅದೇ ಅಳತೆಯಲ್ಲಿ ಅದೇ ತಪ್ಪಿರುವ ಎರಡು ಸೀರೆ ಸಿಗುವುದಿಲ್ಲ. ಈ ಅಳತೆಯ ಚೀಟಿಯ ಒಂದು ಪ್ರತಿ ನಿಮ್ಮ ಕೈಲಿರುತ್ತದೆ. ವಾಪಸ್ ಪಡೆಯುವಾಗ ಟೇಪ್ ಹಿಡಿದು ನೋಡಿಯೇ ಸಹಿ ಮಾಡಿ.

ಕಾನೂನಿನಲ್ಲೂ ನಮಗೆ ಹೊಣೆ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆಯವರ ವಸ್ತು ವಶದಲ್ಲಿಟ್ಟುಕೊಂಡವರು ಅದನ್ನು, ಸಾಮಾನ್ಯ ವಿವೇಕ ಇರುವವರು ತಮ್ಮದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು.

## ದಾಖಲೆಯಲ್ಲಿ ಏನೇನಿರುತ್ತದೆ?

ಒಂದು ಸೀರೆಗೆ ಒಂದು ಪುಟ. ನೀವು ಹೇಳಿದ್ದು ಒಂದು ಕಡೆ, ನಾವು ಕಂಡದ್ದು ಇನ್ನೊಂದು ಕಡೆ, ಎರಡನ್ನೂ ಎಂದೂ ಬೆರೆಸುವುದಿಲ್ಲ. ನೋಡಿದ ಇಬ್ಬರ ಹೆಸರು, ತಾರೀಖು, ಮಾಡಿದ ಪರೀಕ್ಷೆ, ಮಾಡದ ಪರೀಕ್ಷೆ, ತೀರ್ಮಾನ, ಕಾರಣ, ಒಪ್ಪಿದ ಬೆಲೆ, ಕಮಿಷನ್, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎನ್ನುವುದು ಅದರಲ್ಲಿರುತ್ತದೆ. ತಿದ್ದುವುದಿದ್ದರೆ ಹಳೆಯದನ್ನು ಅಳಿಸದೆ ಅಡ್ಡ ಗೆರೆ ಎಳೆದು, ಕೆಳಗೆ ಹೊಸದು ಬರೆದು, ತಾರೀಖು ಹಾಕುತ್ತೇವೆ.

ಫೋಟೋದ ಹೆಸರು ಹೀಗಿರುತ್ತದೆ:

```
MT-0412_03_2.jpg
```

ಮೊದಲು ಸೀರೆಯ ಸಂಖ್ಯೆ, ಆಮೇಲೆ ಎಂಟರಲ್ಲಿ ಎಷ್ಟನೇ ಫೋಟೋ, ಕೊನೆಯದು ಎಷ್ಟನೇ ಸಲ ತೆಗೆದದ್ದು. ಇದು ಕೋಥ್ರೂಡಿನ ಸೀರೆಯ ಬಲೆ ಬಿಚ್ಚಿದ ಫೋಟೋ. ಬಲೆ ಇದ್ದ ಮೊದಲ ಫೋಟೋ `MT-0412_03_1.jpg` ಕೂಡ ಹಾಗೇ ಇದೆ. ಬಣ್ಣ ಸರಿಪಡಿಸುವುದು ಪ್ರತಿಯ ಮೇಲೆ ಮಾತ್ರ, ಮೂಲ ಫೋಟೋ ಮುಟ್ಟುವುದಿಲ್ಲ. ‘ಬೇಡ’ ಅಂದ ಸೀರೆಯ ಪುಟವನ್ನೂ ಇಟ್ಟುಕೊಳ್ಳುತ್ತೇವೆ. ಅದೇ ಸೀರೆ ಬೇರೆ ಹೆಸರಿನಲ್ಲಿ, ಬೇರೆ ಕಥೆಯ ಜೊತೆ ಮತ್ತೆ ಬರುವುದುಂಟು.

## ಸೀರೆ ತೀರಿಹೋದ ಅತ್ತೆಯವರದು. ಬಿಲ್ ಎಲ್ಲಿಂದ ತರಲಿ?

ಬಿಲ್ ಬೇಕಿಲ್ಲ. ನಿಮ್ಮ ಗುರುತಿನ ಚೀಟಿ ಮತ್ತು ‘ಮಾರುವ ಹಕ್ಕು ನನಗಿದೆ’ ಎಂಬ ಸಹಿ ಸಾಕು. ಅತ್ತೆಯವರು ಆ ಸೀರೆ ಉಟ್ಟಿದ್ದ ಹಳೆ ಫೋಟೋ ಇದ್ದರೆ ತೋರಿಸಿ, ಒಂದು ಪ್ರತಿ ತೆಗೆದುಕೊಂಡು ಫೋಟೋ ವಾಪಸ್ ಕೊಡುತ್ತೇವೆ. ಅದನ್ನು ಎಲ್ಲೂ ಪ್ರಕಟಿಸುವುದಿಲ್ಲ. ನಾದಿನಿ, ಓರಗಿತ್ತಿ ಇದ್ದರೆ ಅವರನ್ನು ಮೊದಲೇ ಕೇಳಿಕೊಳ್ಳಿ. ಮನೆಯ ಇನ್ನೊಬ್ಬರು ಬಂದು ಸೀರೆ ತಮ್ಮದು ಅಂದರೆ, ನಿಮ್ಮೊಳಗೆ ಇತ್ಯರ್ಥ ಆಗುವವರೆಗೆ ಅದನ್ನು ಮಾರಾಟದಿಂದ ತೆಗೆದು ಒಳಗಿಡುತ್ತೇವೆ.

## ಮಳೆಗಾಲದಲ್ಲಿ ಕೊರಿಯರ್ ಮಾಡಬಹುದಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದಷ್ಟು ಬೇಡ. ಫೋಟೋ ಕಳಿಸಿ, ಸಂಖ್ಯೆ ಪಡೆಯಿರಿ, ಸೀರೆ ಅಕ್ಟೋಬರ್‌ನಲ್ಲಿ ತನ್ನಿ. ಕಳಿಸಲೇಬೇಕಾದರೆ ಮೊದಲು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಹೊರಗೆ ಮಾತ್ರ ಪ್ಲಾಸ್ಟಿಕ್ ಹಾಕಿ. ಜರಿಯ ಮೇಲೆ ಜರಿ ಬೀಳದಂತೆ ಮಡಿಕೆಗಳ ನಡುವೆ ಬಟ್ಟೆ ಇಡಿ. ಸಂಖ್ಯೆ ಬರೆದ ಅದೇ ಎ4 ಹಾಳೆಯನ್ನು ಸೀರೆಗೆ ತಾಗದಂತೆ ಪೊಟ್ಟಣದಲ್ಲಿ ಮೇಲೆ ಇಡಿ. ಬಿಚ್ಚುವಾಗ ವಿಡಿಯೋದಲ್ಲಿ ಮೊದಲು ಕಾಣಬೇಕಾದದ್ದು ಅದೇ.